ಎರಡು ದಿನದ ಬೆಟ್ಟಯಾತ್ರೆಗೆ ಗೊಜ್ಜವಲಕ್ಕಿ

ಜಯನಗರ, ಬನಶಂಕರಿ ಕಡೆಯಿಂದ ಶುಕ್ರವಾರ ರಾತ್ರಿ ಬಸ್ಸು ಹಿಡಿದು ಕುಕ್ಕೆಗೆ ಬಂದು, ಕುಮಾರಪರ್ವತ ಹತ್ತುವ ತಂಡಗಳು ಬಹಳ. ಬೆಟ್ಟದ ಎತ್ತರ 1712 ಮೀಟರ್. ದಾರಿ ಕಾಡಿನೊಳಗೆ, ಅಲ್ಲಿ ಬೆಂಕಿ ಹಚ್ಚುವಂತಿಲ್ಲ. ಅನ್ನ ಮಾಡಿಕೊಂಡು ಹೊತ್ತರೆ ಅದರಲ್ಲಿ ಹೆಚ್ಚಿನ ಪಾಲು ಭಾರ ನೀರಿನದ್ದೇ. ಮೇಲಾಗಿ ಮರುದಿನಕ್ಕೆ ಹಳಸುತ್ತದೆ. ಒಲೆ ಬೇಡದ ಊಟ ಅಂದರೆ ನಮ್ಮ ಗೊಜ್ಜವಲಕ್ಕಿಯೇ ಸರಿ. ಏಕಾದಶಿ ಫಲಾಹಾರಕ್ಕೆ ಮಾಡುತ್ತೀರಲ್ಲ, ಅದೇ.

ಎಂಟು ಜನರ ಒಂದು ಹೊತ್ತಿಗೆ ಒಂದು ಕಿಲೋ ಗಟ್ಟಿ ಅವಲಕ್ಕಿ ತೆಗೆದುಕೊಳ್ಳಿ. ತೆಳು ಅವಲಕ್ಕಿ ಬೇಡ, ಮುದ್ದೆಯಾಗುತ್ತದೆ. ಮಿಕ್ಸಿಯಲ್ಲಿ ಎರಡು ಸುತ್ತು ಮಾತ್ರ ತಿರುಗಿಸಿ ದಪ್ಪ ರವೆಯಂತೆ ಮಾಡಿ, ಜರಡಿ ಹಿಡಿದು ಹಿಟ್ಟು ಬೇರೆ ಮಾಡಿ. ಹಿಟ್ಟು ಉಳಿದರೆ ನೀರು ಬಿದ್ದ ಕೂಡಲೇ ಅಂಟಾಗುತ್ತದೆ.

ಗೊಜ್ಜು ಮನೆಯಲ್ಲೇ ಆಗಬೇಕು. ನೂರು ಗ್ರಾಂ ಹುಣಸೆಹಣ್ಣಿನ ಗಟ್ಟಿ ರಸಕ್ಕೆ ಅಷ್ಟೇ ಬೆಲ್ಲ, ಉಪ್ಪು, ಅರಿಸಿನ, ಏಳೆಂಟು ಚಮಚ ಸಾರಿನ ಪುಡಿ ಹಾಕಿ, ಒಗ್ಗರಣೆಯ ಎಣ್ಣೆಯಲ್ಲಿ ಕುದಿಸುತ್ತಾ ಹೋಗಿ. ಎಣ್ಣೆ ಬದಿಯಲ್ಲಿ ಬಿಟ್ಟುಕೊಂಡು, ಸೌಟಿಗೆ ಹತ್ತಿದ್ದು ಜಾರದಿದ್ದರೆ ಆಯಿತು. ನೀರಿನಂಶ ಉಳಿದರೆ ಬೂಷ್ಟು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ಒಣ ಸ್ಟೀಲ್ ಡಬ್ಬಿಗೆ ತುಂಬಿ. ಹಸಿ ತೆಂಗಿನಕಾಯಿ ಬೇಡವೇ ಬೇಡ, ಒಣಕೊಬ್ಬರಿ ತುರಿ ಸಾಕು. ಹುರಿದ ಕಡ್ಲೇಕಾಯಿ ಬೀಜವನ್ನು ಬೇರೆ ಪೊಟ್ಟಣ ಕಟ್ಟಿ, ಇಲ್ಲವಾದರೆ ಮೆತ್ತಗಾಗುತ್ತದೆ.

ಮೇಲೆ ತಂಗಿದ ಜಾಗದಲ್ಲಿ ಗೊಜ್ಜನ್ನು ನೀರಿಗೆ ಕದಡಿ, ಅವಲಕ್ಕಿಯ ಮೇಲೆ ಸುರಿದು ಮುಚ್ಚಿಡಿ. ಲೋಟದ ಲೆಕ್ಕದಲ್ಲಿ ಅವಲಕ್ಕಿ ಎಷ್ಟೋ ನೀರೂ ಹೆಚ್ಚುಕಡಿಮೆ ಅಷ್ಟೇ. ಮೊದಲೇ ಪೂರ್ತಿ ಸುರಿಯದೆ ಒಂದು ಲೋಟ ಹಿಡಿದಿಟ್ಟುಕೊಳ್ಳಿ. ಊರಿನಲ್ಲಿ ಕಾಲು ಗಂಟೆಗೆ ನೆನೆಯುವುದು ಬೆಟ್ಟದ ತಣ್ಣೀರಿನಲ್ಲಿ ಅರ್ಧ ಗಂಟೆಯಾದರೂ ತೆಗೆದುಕೊಳ್ಳುತ್ತೆ. ಒಂದು ಕಾಳು ಬೆರಳಲ್ಲಿ ಹಿಸುಕಿ ನೋಡಿ. ನಡುವೆ ಗಟ್ಟಿ ಸಿಕ್ಕರೆ ಹಿಡಿದಿಟ್ಟ ನೀರು ಚಿಮುಕಿಸಿ ಇನ್ನೂ ಸ್ವಲ್ಪ ಕಾಯಿರಿ. ಕೊನೆಗೆ ಕೊಬ್ಬರಿ, ಬೀಜ.

ಇಲ್ಲಿ ಒಂದು ಮಾತು ಮರೆಯಬಾರದು. ಈ ಊಟವನ್ನು ಮೇಲೆ ಬೇಯಿಸುವುದಿಲ್ಲ. ನೀರಿನಲ್ಲಿ ಕೊಳೆಯಿದ್ದರೆ ಅದು ನೇರ ಹೊಟ್ಟೆಗೇ. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕ್ಲೋರಿನ್ ಮಾತ್ರೆ ಹಾಕಿ, ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ಆಮೇಲೆ ಬಳಸಿ. ಇಲ್ಲವೇ ಕೆಳಗಿನಿಂದಲೇ ಒಬ್ಬೊಬ್ಬರು ಕಾಲು ಲೀಟರ್ ಹೆಚ್ಚಿಗೆ ಹೊತ್ತರೆ ಎಂಟು ಜನರ ಅವಲಕ್ಕಿಗೆ ಸಾಕಾಗುತ್ತದೆ. ಕಲಸುವುದು ಸೌಟಿನಲ್ಲಿ, ನಡೆದು ಬಂದ ಕೈಯಲ್ಲಲ್ಲ.

ರಾತ್ರಿ ನೆನೆಸಿದ್ದು ಬೆಳಿಗ್ಗೆಗೆ ಉಳಿಸಬೇಡಿ. ಬೆಳಗಿನ ಹೊತ್ತಿಗೆ ಇನ್ನೊಂದು ಕಿಲೋ ಒಣಗಿದ್ದದ್ದೇ ಇರಲಿ. ಹುಳಿ ಬೇಸರವಾದವರು ಅದಕ್ಕೇ ಬೆಲ್ಲದ ಪುಡಿ, ಕೊಬ್ಬರಿ, ಏಲಕ್ಕಿ ಬೆರೆಸಿ ಸಿಹಿ ಅವಲಕ್ಕಿ ಮಾಡಿಕೊಳ್ಳಬಹುದು. ಮೊದಲ ದಿನ ಮಧ್ಯಾಹ್ನಕ್ಕೆ ಮಾತ್ರ ಮನೆಯಿಂದ ತಂದ ಚಪಾತಿ, ಚಟ್ನಿಪುಡಿ. ಖಾಲಿ ಪೊಟ್ಟಣಗಳೆಲ್ಲ ವಾಪಸ್ ಚೀಲಕ್ಕೆ.