ಫೋಟೋ ಕತ್ತರಿಸುವ ಮುನ್ನ ಮೂಲ ಪ್ರತಿ ಉಳಿಸೋಣ

ಸೆಪ್ಟೆಂಬರ್ 8ರ ತೆನೆ ಹಬ್ಬದ ದಿನ ಬೇಳ ಇಗರ್ಜಿಯ ಮುಂದೆ ಹೂವಿನ ಬುಟ್ಟಿ ಹಿಡಿದ ಮಕ್ಕಳ ಸಾಲನ್ನು ಮೊಬೈಲನ್ನು ಅಡ್ಡ ಹಿಡಿದು ತೆಗೆದೆವು ಎಂದುಕೊಳ್ಳೋಣ. ಅನೇಕ ಮೊಬೈಲ್‌ಗಳಲ್ಲಿ ಅದು ಅಗಲ 4000, ಎತ್ತರ 3000 ಪಿಕ್ಸೆಲ್‌ಗಳ ಚಿತ್ರ. ಸಂಜೆಯೊಳಗೆ ಅದು ಇನ್‌ಸ್ಟಾಗ್ರಾಂಗೆ ಚೌಕವಾಗಿ, ವಾಟ್ಸಾಪ್ ಸ್ಟೇಟಸ್‌ಗೆ ಉದ್ದವಾಗಿ ಬೇಕು. ಅದೂ ಕನ್ನಡ, ಕೊಂಕಣಿ, ಮಲಯಾಳ ಬರಹಗಳೊಂದಿಗೆ ಬೇರೆ ಬೇರೆಯಾಗಿ.

ಚೌಕ ಪೋಸ್ಟ್‌ಗೆ 1080 x 1080 ಪಿಕ್ಸೆಲ್ ಸಾಕು. ಆದರೆ ಮೂಲ ಚಿತ್ರವನ್ನೇ ಅಷ್ಟಕ್ಕೆ ಇಳಿಸಿ ಅದರ ಮೇಲೆಯೇ ಸೇವ್ ಮಾಡಿದರೆ ಪೆಟ್ಟು ಬೀಳುವುದು ಮುದ್ರಣಕ್ಕೆ. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕುವಾಗ 1080 ಪಿಕ್ಸೆಲ್‌ಗೆ ಸುಮಾರು 9 ಸೆಂಟಿಮೀಟರ್ ಅಗಲ ಸಿಗುತ್ತದೆ. ಮೂಲದ 4000ಕ್ಕೆ ಸುಮಾರು 34. ಮುಂದೆ ಜುಬಿಲಿ ಸಂಚಿಕೆಯ ಪುಟ ತುಂಬಲು ಅದೇ ಚಿತ್ರ ಹುಡುಕಿದಾಗ ಅಂಚಿನ ಮಕ್ಕಳೂ ಇರುವುದಿಲ್ಲ, ಸ್ಪಷ್ಟತೆಯೂ ಇರುವುದಿಲ್ಲ.

ಆದ್ದರಿಂದ ಮೊದಲು ‘ಮೂಲ’ ಎಂಬ ಫೋಲ್ಡರ್ ಮಾಡಿ ಚಿತ್ರವನ್ನು ಅದರಲ್ಲಿಟ್ಟು, ಅದರ ನಕಲನ್ನು ಮಾತ್ರ ತೆರೆಯೋಣ. ಗೂಗಲ್ ಫೋಟೋಸ್‌ನಲ್ಲಾದರೆ ಕತ್ತರಿಸಿದ ಬಳಿಕ `Save copy` ಒತ್ತಬೇಕು. ಕೆಲವು ಗ್ಯಾಲರಿಗಳಲ್ಲಿ ಬರೀ `Save` ಇರುತ್ತದೆ. ಅದನ್ನು ಒತ್ತಿದರೂ ಹಿಂದಿನ ರೂಪಕ್ಕೆ ಮರಳಬಹುದು ಎನ್ನುತ್ತಾರೆ, ನಿಜ. ಆದರೆ ಚಿತ್ರ ಬೇರೆ ಮೊಬೈಲಿಗೆ ಹೋದ ಮೇಲೆ ಆ ಸೌಲಭ್ಯ ಜೊತೆಗೆ ಹೋಗುವುದಿಲ್ಲ. ವಾಟ್ಸಾಪ್‌ನೊಳಗೆ ಕಳುಹಿಸುವ ಮುನ್ನ ಕತ್ತರಿಸುವುದರಲ್ಲಿ ಭಯವಿಲ್ಲ, ಬದಲಾಗುವುದು ಕಳುಹಿಸಿದ ಪ್ರತಿ ಮಾತ್ರ.

ಮೂರೂ ಭಾಷೆಯ ಪೋಸ್ಟ್‌ಗಳನ್ನು ಪ್ರತಿ ಸಲವೂ ಮೂಲದಿಂದಲೇ ಹೊರಡಿಸೋಣ. ಕನ್ನಡದ ಪ್ರತಿಯಿಂದ ಕೊಂಕಣಿ, ಅದರಿಂದ ಮಲಯಾಳ ಎಂದು ಹೋದರೆ, ಜೆಪೆಗ್ ಚಿತ್ರ ಪ್ರತಿ ಸೇವ್‌ನಲ್ಲಿ ಒಂದಿಷ್ಟು ಕಳೆದುಕೊಂಡು ಅಕ್ಷರಗಳ ಅಂಚು, ಮುಖಗಳು ಮಸುಕಾಗುತ್ತವೆ.

ಈಗ ಕತ್ತರಿ. ನಮ್ಮ ಚಿತ್ರದಿಂದ ಚೌಕ ತೆಗೆದರೆ 3000 x 3000 ಉಳಿಯುತ್ತದೆ, ಅಗಲದ ಕಾಲು ಭಾಗ ಹೋಗುತ್ತದೆ. 4:5ಕ್ಕೆ 2400 x 3000. ಸ್ಟೇಟಸ್‌ನ 9:16ಕ್ಕೆ ಉಳಿಯುವ ಅಗಲ ಸುಮಾರು 1687 ಮಾತ್ರ, ಅಂದರೆ ಸಾಲಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೊರಗೆ! ಇಗರ್ಜಿಯ ಎತ್ತರದ ಮುಂಭಾಗವೊಂದನ್ನೇ ತೋರಿಸುವುದಾದರೆ ಈ ಅಳತೆ ಒಪ್ಪುತ್ತದೆ, ಮಕ್ಕಳ ಸಾಲಿಗೆ ಒಪ್ಪದು. ತಮ್ಮ ಮಗು ಕಾಣಿಸಲಿಲ್ಲವೆಂದು ಮನೆಯವರು ಕೇಳದೆ ಬಿಡುವರೇ?

ಅಂಥಲ್ಲಿ ಕತ್ತರಿಸುವುದೇ ಬೇಡ. 1080 x 1080ರ ಖಾಲಿ ಹಿನ್ನೆಲೆಯ ನಡುವೆ ಇಡೀ ಚಿತ್ರವನ್ನು 1080 x 810ಕ್ಕೆ ಇಳಿಸಿ ಕೂರಿಸಿದರೆ ಮೇಲೆ ಕೆಳಗೆ 135 ಪಿಕ್ಸೆಲ್‌ನ ಪಟ್ಟಿ ಉಳಿಯುತ್ತದೆ. ಬರಹಕ್ಕೆ ಅದೇ ಜಾಗ. ಯಾರ ಮುಖದ ಮೇಲೂ ಅಕ್ಷರ ಬೀಳದು.

ಕೈಗೆ ಬಂದದ್ದು ಮೂಲವೇ ಎಂದು ತಿಳಿಯಲು ಚಿತ್ರದ ವಿವರದಲ್ಲಿ ಅಳತೆ ನೋಡಬೇಕು. ಉದ್ದನೆಯ ಬದಿ 1600ರ ಆಸುಪಾಸಿದ್ದರೆ ಅದು ವಾಟ್ಸಾಪ್‌ನಲ್ಲಿ ಕುಗ್ಗಿ ಬಂದ ಪ್ರತಿಯಾಗಿರುವುದೇ ಹೆಚ್ಚು. ತೆಗೆದವರಲ್ಲಿ ಅದನ್ನು `Document` ಆಗಿ ಕಳುಹಿಸಲು ಹೇಳಿದರೆ ಪೂರ್ಣ ಅಳತೆಯಲ್ಲೇ ಸಿಗುತ್ತದೆ.