ಎಎಂಸಿ ರಿನ್ಯೂವಲ್ ಮೆಸೇಜು ಹೇಳೋದೇನು, ಬಿಡೋದೇನು?

ಮನೆಯಲ್ಲಿ ಆರ್‌ಓ ವಾಟರ್ ಪ್ಯೂರಿಫೈಯರ್ ಇದ್ದರೆ ವರ್ಷಕ್ಕೊಮ್ಮೆಯಾದರೂ ಈ ಥರದ ಮೆಸೇಜು ಬಂದೇ ಬರುತ್ತದೆ. ಬಾಡಿಗೆ ಮನೆಯಲ್ಲಿರುವ ನಮ್ಮ ಫೋನಿಗೂ ಬರುತ್ತದೆ, ಊರಲ್ಲಿರುವ ಅಪ್ಪ-ಅಮ್ಮನ ವಾಟ್ಸಾಪಿಗೂ ಬರುತ್ತದೆ. ಪಾಠಕ್ಕೆಂದು ಒಂದು ಮಾದರಿ ಬರೆದುಕೊಳ್ಳೋಣ:

"ಆತ್ಮೀಯ ಗ್ರಾಹಕರೇ, ನಿಮ್ಮ ಪ್ಯೂರಿಫೈಯರ್‌ನ ಎಎಂಸಿ 3 ದಿನಗಳಲ್ಲಿ ಮುಗಿಯಲಿದೆ. ನಿಮ್ಮ ಕುಟುಂಬ ಅಶುದ್ಧ ನೀರು ಕುಡಿಯುವ ಮುನ್ನ ಇಂದೇ ರಿನ್ಯೂ ಮಾಡಿಸಿ. ಸಂಪೂರ್ಣ ರಕ್ಷಣೆ ಪ್ಲಾನ್ ₹5,500 ಅಲ್ಲ, ಕೇವಲ ₹4,200*. ಆಫರ್ ಇಂದು ರಾತ್ರಿ 12ರವರೆಗೆ ಮಾತ್ರ. *ಷರತ್ತುಗಳು ಅನ್ವಯ."

ಇದರಲ್ಲಿ ದಿನಾಂಕ ಇದೆ, ಹೆದರಿಕೆ ಇದೆ, ರಿಯಾಯಿತಿ ಇದೆ, ನಕ್ಷತ್ರ ಚಿಹ್ನೆಯೂ ಇದೆ. ಇಲ್ಲದಿರುವುದು ಒಂದೇ: ನಿಮ್ಮ ಮಷೀನಿನ ಒಳಗೆ ಈಗ ಏನಾಗಿದೆ ಅನ್ನೋ ಮಾಹಿತಿ. ರಿನ್ಯೂ ಮಾಡಬೇಕೋ ಬೇಡವೋ, ಮಾಡಿದರೆ ಯಾವ ಪ್ಲಾನು ಅನ್ನೋದು ನಿಂತಿರುವುದು ಅದರ ಮೇಲೆಯೇ. ಆ ಮಾಹಿತಿಯನ್ನು ನಾವೇ ತೆಗೆಯುವುದು ಹೇಗೆ ಅಂತ ನೋಡೋಣ.

ಫಿಲ್ಟರಿಗೆ ಕ್ಯಾಲೆಂಡರ್ ಗೊತ್ತಿಲ್ಲ

ನಲ್ಲಿಯಿಂದ ಬಂದ ನೀರು ಮೊದಲು ಸೆಡಿಮೆಂಟ್ ಫಿಲ್ಟರ್ ದಾಟುತ್ತದೆ. ಅಲ್ಲಿ ಮಣ್ಣು, ತುಕ್ಕು ನಿಲ್ಲುತ್ತವೆ. ಆಮೇಲೆ ಕಾರ್ಬನ್ ಫಿಲ್ಟರ್, ಅದು ಕ್ಲೋರಿನ್ ಮತ್ತು ವಾಸನೆಯನ್ನು ಹಿಡಿಯುತ್ತದೆ. ಕೊನೆಗೆ ಪಂಪು ನೀರನ್ನು ಒತ್ತಡದಿಂದ ಮೆಂಬ್ರೇನ್‌ಗೆ ನೂಕುತ್ತದೆ. ಕರಗಿದ ಲವಣವನ್ನು ತಡೆಯುವುದು ಈ ಮೆಂಬ್ರೇನ್. ಮೂರರಲ್ಲಿ ದುಬಾರಿಯೂ ಅದೇ.

ಈ ಮೂರೂ ಸವೆಯುವುದು ಮುಖ್ಯವಾಗಿ ಹರಿದ ನೀರಿನ ಲೆಕ್ಕದಲ್ಲಿ. ಐದಾರು ಜನರ ಮನೆಯಲ್ಲಿ ದಿನಕ್ಕೆ 15 ಲೀಟರ್ ಶುದ್ಧ ನೀರು ಬೇಕು ಅಂದುಕೊಳ್ಳಿ. ಒಳಬಂದ ನೀರಿನಲ್ಲಿ ಕಾಲು ಭಾಗ ಮಾತ್ರ ಶುದ್ಧವಾಗಿ ಸಿಕ್ಕರೆ ಸೆಡಿಮೆಂಟ್ ಫಿಲ್ಟರ್ ಮೂಲಕ ದಿನಕ್ಕೆ 60 ಲೀಟರ್, ವರ್ಷಕ್ಕೆ 21,900 ಲೀಟರ್ ಹೋಗುತ್ತದೆ. ಇಬ್ಬರೇ ಇರುವ ಮನೆಯಲ್ಲಿ ದಿನಕ್ಕೆ 6 ಲೀಟರ್ ಸಾಕಾದರೆ ಅದೇ ಫಿಲ್ಟರ್ ನೋಡುವುದು ವರ್ಷಕ್ಕೆ 8,760 ಲೀಟರ್. ಎರಡೂ ಮನೆಗೆ ಮೆಸೇಜು ಮಾತ್ರ ಒಂದೇ ದಿನ ಬರುತ್ತದೆ.

ಮಷೀನಿನ ಮೇಲೆ ಉರಿಯುವ 'ಫಿಲ್ಟರ್ ಬದಲಿಸಿ' ಲೈಟೂ ಬಹಳಷ್ಟು ಮಾದರಿಗಳಲ್ಲಿ ಗಂಟೆ ಅಥವಾ ಲೀಟರ್ ಎಣಿಸುವ ಕೌಂಟರ್ ಅಷ್ಟೆ. ಅದು ಮೆಂಬ್ರೇನ್ ಹೇಗಿದೆ ಅಂತ ಅಳೆಯುವುದಿಲ್ಲ.

ಹಾಗಂತ ಕ್ಯಾಲೆಂಡರ್ ಪೂರ್ತಿ ಸುಳ್ಳಲ್ಲ. ಬಳಸದೆ ನಿಂತ ನೀರಿನಲ್ಲಿ ಕಾರ್ಬನ್ ಮೇಲೆ ಬ್ಯಾಕ್ಟೀರಿಯಾ ಬೆಳೆಯಬಹುದು. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಕಾರ್ಬನ್ ಸೋತರೆ ಕ್ಲೋರಿನ್ ನೇರ ಮೆಂಬ್ರೇನ್‌ಗೆ ಹೋಗುತ್ತದೆ. ಮೆಂಬ್ರೇನ್‌ನ ಮೇಲ್ಪದರ ಪಾಲಿಅಮೈಡ್, ಕ್ಲೋರಿನ್ ಅದನ್ನು ನಿಧಾನವಾಗಿ ಹಾಳು ಮಾಡುತ್ತದೆ. ಅಂದರೆ ಕಡಿಮೆ ಬೆಲೆಯ ಫಿಲ್ಟರನ್ನು ಸಮಯಕ್ಕೆ ಬದಲಿಸದಿದ್ದರೆ ಹೆಚ್ಚು ಬೆಲೆಯ ಮೆಂಬ್ರೇನ್ ಹೋಗುತ್ತದೆ. ಪುರಸಭೆಯ ಕ್ಲೋರಿನ್ ಹಾಕಿದ ನೀರು ಬರುವ ಮನೆಯಲ್ಲಿ ಇದನ್ನು ಮರೆಯಬಾರದು. ಆದ್ದರಿಂದ ರಿನ್ಯೂ ಮಾಡದಿದ್ದರೂ ಪರವಾಗಿಲ್ಲ, ಸರ್ವೀಸನ್ನು ಬಿಡುವಂತಿಲ್ಲ.

ಎರಡು ಅಳತೆ, ಹತ್ತು ನಿಮಿಷ

ಬೇಕಾಗಿರುವುದು ಒಂದು ಟಿಡಿಎಸ್ ಪೆನ್, ಒಂದು ಲೀಟರ್ ಬಾಟಲಿ, ಒಂದು ಫೋನಿನ ಸ್ಟಾಪ್‌ವಾಚ್.

ಮೊದಲನೆಯದು ಮೆಂಬ್ರೇನ್ ಎಷ್ಟು ಲವಣ ತಡೆಯುತ್ತಿದೆ ಅನ್ನೋದು. ಒಳಬರುವ ನೀರಿನ ಟಿಡಿಎಸ್ Cf, ಶುದ್ಧ ನೀರಿನದು Cp ಆದರೆ:

R = (Cf − Cp) / Cf × 100

ನಮ್ಮ ಉದಾಹರಣೆಯ ಮನೆಯಲ್ಲಿ ಬೋರ್‌ವೆಲ್ ನೀರು 700, ಮಷೀನ್ ಹಾಕಿದ ದಿನ ಶುದ್ಧ ನೀರು 56 ಇತ್ತು. ಅಂದರೆ 92%. ಈಗ 70 ಬಂದರೆ 90%, ಮೆಂಬ್ರೇನ್ ಚೆನ್ನಾಗಿಯೇ ಇದೆ. ಈಗ 210 ಬಂದರೆ 70%, ಬದಲಿಸುವ ಮಾತು ನ್ಯಾಯ. ಒಳಬರುವ ನೀರನ್ನು ಅಳೆಯದೆ 'ನೋಡಿ ಸಾರ್, 70 ಬಂದಿದೆ, ಜಾಸ್ತಿಯಾಗಿದೆ' ಅನ್ನುವವರ ಮಾತಿಗೆ ಅರ್ಥವಿಲ್ಲ. ಮಳೆಗಾಲ, ಬೇಸಿಗೆಗೆ ಬೋರ್‌ವೆಲ್ ನೀರೇ ಬದಲಾಗುತ್ತದೆ. ಹೋಲಿಸಬೇಕಾದ್ದು ಶೇಕಡಾವನ್ನು.

ಇಲ್ಲಿ ಎರಡು ಕಡೆ ಎಡವಬಹುದು. ರಾತ್ರಿಯಿಡೀ ನಿಂತ ಮಷೀನಿನಿಂದ ಬರುವ ಮೊದಲ ನೀರಿನ ಟಿಡಿಎಸ್ ಜಾಸ್ತಿ ಇರುತ್ತದೆ. ಒತ್ತಡವಿಲ್ಲದಾಗ ಲವಣ ಮೆಂಬ್ರೇನ್ ದಾಟಿ ನಿಧಾನವಾಗಿ ಹರಡಿಕೊಂಡಿರುತ್ತದೆ. ಮಷೀನು ಸ್ವಲ್ಪ ಹೊತ್ತು ಓಡಿದ ಮೇಲೆ ಅಳೆಯಿರಿ. ಎರಡನೆಯದು, ಟಿಡಿಎಸ್ ಕಂಟ್ರೋಲರ್ ಇರುವ ಮಷೀನು ರುಚಿಗಾಗಿ ಮೆಂಬ್ರೇನ್ ದಾಟದ ಸ್ವಲ್ಪ ನೀರನ್ನು ಬೆರೆಸುತ್ತದೆ. ನಲ್ಲಿಯಲ್ಲಿ 150 ಬಂದರೂ ಮೆಂಬ್ರೇನ್ ಸರಿಯಾಗಿಯೇ ಇರಬಹುದು. ಮೆಕ್ಯಾನಿಕ್ ಬಂದಾಗ ಮೆಂಬ್ರೇನ್ ಹೌಸಿಂಗ್‌ನಿಂದ ಹೊರಬರುವ ಪೈಪಿನ ನೀರನ್ನೇ ನಿಮ್ಮೆದುರು ಅಳೆಯಲು ಹೇಳಿ.

ಎರಡನೆಯ ಅಳತೆ ವೇಗ. ಅದೇ ಪೈಪಿನಿಂದ ಟ್ಯಾಂಕಿಗೆ ಬೀಳುವ ನೀರು ಒಂದು ಲೀಟರ್ ತುಂಬಲು ಎಷ್ಟು ಹೊತ್ತು? 75 GPD ಎಂದು ಬರೆದ ಮೆಂಬ್ರೇನ್ ದಿನಕ್ಕೆ ಸುಮಾರು 284 ಲೀಟರ್, ಅಂದರೆ ಗಂಟೆಗೆ 12 ಲೀಟರ್‌ನಷ್ಟು ಕೊಡಬಲ್ಲದು. ಅದು ಪ್ರಯೋಗಾಲಯದ ಒತ್ತಡ, ತಾಪಮಾನದಲ್ಲಿ. ಮನೆಯಲ್ಲಿ ಕಡಿಮೆ, ಚಳಿಗಾಲದಲ್ಲಿ ಇನ್ನೂ ಕಡಿಮೆ. ನಿಮಗೆ ಬೇಕಾದ್ದು ನಿಮ್ಮದೇ ಹಳೆಯ ಅಳತೆ. ಸರ್ವೀಸ್ ಆದ ದಿನ ಅಳೆದು ಮಷೀನಿನ ಪಕ್ಕ ಬರೆದಿಡಿ.

ಎರಡೂ ಅಳತೆ ಸೇರಿದರೆ ರೋಗ ಗೊತ್ತಾಗುತ್ತದೆ. ನೀರು ನಿಧಾನ, ಆದರೆ ಶೇಕಡಾ ಚೆನ್ನಾಗಿದೆ ಅಂದರೆ ಮೊದಲ ಅನುಮಾನ ಕಟ್ಟಿಕೊಂಡ ಸೆಡಿಮೆಂಟ್ ಫಿಲ್ಟರ್ ಅಥವಾ ಸೋತ ಪಂಪಿನ ಮೇಲೆ. ನೀರು ಜೋರು, ಶೇಕಡಾ ಬಿದ್ದಿದೆ ಅಂದರೆ ಮೆಂಬ್ರೇನ್ ಕ್ಲೋರಿನ್‌ಗೆ ತುತ್ತಾಗಿದೆ, ಇಲ್ಲವೇ ಹೌಸಿಂಗ್ ಒಳಗಿನ ಓ-ರಿಂಗ್ ಸರಿಯಾಗಿ ಕೂತಿಲ್ಲ. ಓ-ರಿಂಗ್ ಸಣ್ಣ ರಬ್ಬರ್ ಬಳೆ. ಅದನ್ನು ನೋಡದೆ ಮೆಂಬ್ರೇನ್ ಬದಲಿಸಿದರೆ ದುಡ್ಡು ದಂಡ.

ಪೆನ್ನಿನ ಮಿತಿಯೂ ತಿಳಿದಿರಲಿ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಬ್ಯಾಕ್ಟೀರಿಯಾ, ಕೀಟನಾಶಕ, ಸೋತ ಕಾರ್ಬನ್ ಇವು ಯಾವುವೂ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಕಾರ್ಬನ್ ಫಿಲ್ಟರ್ ಮತ್ತು ಯುವಿ ಲ್ಯಾಂಪಿಗೆ ಕಂಪನಿ ಹೇಳಿದ ಅವಧಿಯನ್ನೇ ನಂಬುವುದು ಒಳ್ಳೆಯದು.

ಈಗ ದುಡ್ಡಿನ ಲೆಕ್ಕ

ಎಎಂಸಿ ಅಂದರೆ ಎಲ್ಲ ಕಡೆ ಒಂದೇ ಅರ್ಥವಲ್ಲ. ಒಂದರಲ್ಲಿ ಬರೀ ಭೇಟಿ, ಇನ್ನೊಂದರಲ್ಲಿ ಭೇಟಿ ಜೊತೆ ಸೆಡಿಮೆಂಟ್ ಮತ್ತು ಕಾರ್ಬನ್, ಮತ್ತೊಂದರಲ್ಲಿ ಮೆಂಬ್ರೇನ್, ಪಂಪು, ಅಡಾಪ್ಟರ್ ಎಲ್ಲ. 'ಸಂಪೂರ್ಣ ರಕ್ಷಣೆ' ಅನ್ನೋ ಹೆಸರು ಏನನ್ನೂ ಹೇಳುವುದಿಲ್ಲ, ಬಿಡಿಭಾಗಗಳ ಪಟ್ಟಿ ಮಾತ್ರ ಹೇಳುತ್ತದೆ.

ನಮ್ಮ ಮಾದರಿ ಪ್ಲಾನಿನಲ್ಲಿ ಎಲ್ಲವೂ ಸೇರಿದೆ ಅಂದುಕೊಳ್ಳೋಣ. ಬಿಡಿಬಿಡಿಯಾಗಿ ಮಾಡಿಸಿದರೆ ತೆರಿಗೆ ಸೇರಿ ಹೀಗೆ ಅಂತ ಇಟ್ಟುಕೊಳ್ಳಿ: ಸೆಡಿಮೆಂಟ್ ₹400, ಕಾರ್ಬನ್ ₹500, ಎರಡು ಭೇಟಿಗೆ ₹800. ಒಟ್ಟು ₹1,700, ಇದು ಪ್ರತಿ ವರ್ಷದ್ದು. ಮೆಂಬ್ರೇನ್ ₹2,000, ಎರಡು ವರ್ಷಕ್ಕೊಮ್ಮೆ ಅಂದರೆ ವರ್ಷಕ್ಕೆ ₹1,000. ಪಂಪೋ ಅಡಾಪ್ಟರೋ ಕೆಟ್ಟು ₹2,000 ಖರ್ಚು ಬರುವ ಸಂಭವ ಐದರಲ್ಲಿ ಒಂದು ಅಂದರೆ ₹400. ಕೂಡಿದರೆ ವರ್ಷಕ್ಕೆ ₹3,100.

ಪ್ಲಾನು ₹4,200. ಆದರೆ ನಕ್ಷತ್ರ ಚಿಹ್ನೆಯ ಕೆಳಗೆ 'ತೆರಿಗೆ ಪ್ರತ್ಯೇಕ' ಅಂತ ಇದ್ದರೆ 18% ಜಿಎಸ್‌ಟಿ ₹756 ಸೇರಿ ₹4,956. ಸರಾಸರಿ ಖರ್ಚಿಗಿಂತ ₹1,856 ಹೆಚ್ಚು. ಅದು ನಿಶ್ಚಿಂತೆಗೆ ಕೊಡುವ ಬೆಲೆ.

ಆದರೆ ಸರಾಸರಿ ನಿಮ್ಮ ಮನೆಯಲ್ಲ. ಮೆಂಬ್ರೇನ್ ನಾಲ್ಕು ತಿಂಗಳ ಹಿಂದಷ್ಟೇ ಬದಲಾಗಿದ್ದು R 92% ಇದ್ದರೆ, ಮುಂದಿನ ವರ್ಷ ಅದರ ಖರ್ಚು ಬಹುತೇಕ ಸೊನ್ನೆ. ಆಗ ₹2,100ರಲ್ಲಿ ಮುಗಿಯುವ ಕೆಲಸಕ್ಕೆ ₹4,956 ಕೊಟ್ಟಂತೆ. ಅದೇ ಮೆಂಬ್ರೇನ್ ಮೂರು ವರ್ಷದ್ದಾಗಿ R 75ಕ್ಕೆ ಇಳಿದು, ಪಂಪೂ ಗೊರಗೊರ ಅನ್ನುತ್ತಿದ್ದರೆ ಬರುವ ಖರ್ಚು 1,700 + 2,000 + 2,000, ಅಂದರೆ ₹5,700. ಆಗ ಅದೇ ಪ್ಲಾನು ಲಾಭ. ಮೆಸೇಜು ಬದಲಾಗಿಲ್ಲ, ಮಷೀನು ಬದಲಾಗಿದೆ ಅಷ್ಟೆ. ಕರಾರಿನಲ್ಲಿ 'ಮೆಂಬ್ರೇನ್ ಅಗತ್ಯವಿದ್ದರೆ' ಅಂತಿದ್ದರೆ ಅಗತ್ಯವನ್ನು ಯಾವ ಅಳತೆಯಿಂದ ತೀರ್ಮಾನಿಸುತ್ತಾರೆ ಅಂತ ದುಡ್ಡು ಕೊಡುವ ಮೊದಲೇ ಕೇಳಿ.

ಗಡುವು ನಿಜವೋ, ನಾಟಕವೋ?

ಎಎಂಸಿ ಮುಗಿಯುವ ದಿನಾಂಕ ನಿಜ. ಅದು ದಾಟಿದ ಮೇಲೆ ರಿನ್ಯೂ ಮಾಡಲು ಹೋದರೆ ಮೊದಲು ತಪಾಸಣೆ, ಕೆಟ್ಟಿದ್ದನ್ನು ನಿಮ್ಮ ಖರ್ಚಿನಲ್ಲಿ ರಿಪೇರಿ, ಆಮೇಲೆ ಕರಾರು ಅನ್ನುವ ಕಂಪನಿಗಳಿವೆ. ಅದರಲ್ಲಿ ತಪ್ಪಿಲ್ಲ. ಆದರೆ 'ಇಂದು ರಾತ್ರಿ 12' ಅನ್ನೋ ಆಫರ್ ನಾಳೆ ಬೆಳಿಗ್ಗೆ ಮತ್ತೆ ಬಂದರೆ ಅದು ಹುಸಿ ತುರ್ತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಪಟ್ಟಿ ಮಾಡಿರುವ 13 ತಂತ್ರಗಳಲ್ಲಿ ಹುಸಿ ತುರ್ತೂ ಇದೆ, ಬೆಲೆಯನ್ನು ಕೊನೆಯಲ್ಲಿ ಏರಿಸುವುದೂ ಇದೆ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮೆಸೇಜು ಯಾರದ್ದು ಅನ್ನೋದನ್ನೂ ನೋಡಿ. ಪ್ರಚಾರದ ಎಸ್‌ಎಂಎಸ್ ಆದರೆ ಕಳುಹಿಸಿದವರ ಹೆಸರಿನ ಕೊನೆಗೆ `-P`, ಸೇವೆಯ ಸಂದೇಶವಾದರೆ `-S` ಇರುತ್ತದೆ. ಹತ್ತು ಅಂಕಿಯ ಖಾಸಗಿ ನಂಬರಿನಿಂದ ಬಂದ ರಿಮೈಂಡರಿನ ಲಿಂಕ್ ಒತ್ತಬೇಡಿ. ಮಷೀನಿನ ಮೇಲೆ ಅಥವಾ ಬಿಲ್ಲಿನಲ್ಲಿ ಅಚ್ಚಾದ ನಂಬರಿಗೆ ನೀವೇ ಕರೆ ಮಾಡಿ. ಅಪ್ಪ-ಅಮ್ಮನಿಗೂ ಇದೊಂದನ್ನು ಹೇಳಿಕೊಡಿ.

ಸರಿಯಾದ ರಿಮೈಂಡರ್ ಹೇಗಿರಬೇಕು?

ನಾಳೆ ಇಂಥ ಮೆಸೇಜು ಕಳಿಸುವ ಸಾಫ್ಟ್‌ವೇರನ್ನು ನಮ್ಮಲ್ಲೇ ಒಬ್ಬರು ಬರೆಯಬಹುದು. ಪ್ರತಿ ಭೇಟಿಯಲ್ಲೂ ಮೆಕ್ಯಾನಿಕ್ ಎರಡು ಟಿಡಿಎಸ್ ಮತ್ತು ಒಂದು ವೇಗವನ್ನು ಆ್ಯಪಿನಲ್ಲಿ ತುಂಬಿಸಿದರೆ ಸಾಕು, ರಿಮೈಂಡರ್ ಹೀಗೆ ಬರೆಯಬಹುದು:

"ನಿಮ್ಮ ಎಎಂಸಿ ಇದೇ ತಿಂಗಳ 28ಕ್ಕೆ ಮುಗಿಯುತ್ತದೆ. ಕಳೆದ ಭೇಟಿಯಲ್ಲಿ ಒಳನೀರು 700, ಶುದ್ಧ ನೀರು 70, ಮೆಂಬ್ರೇನ್ ಸರಿಯಾಗಿದೆ. ಕಾರ್ಬನ್ ಹಾಕಿ 11 ತಿಂಗಳಾಗಿದೆ, ಬದಲಿಸಬೇಕು. ಫಿಲ್ಟರ್ ಪ್ಲಾನ್, ಸಂಪೂರ್ಣ ಪ್ಲಾನ್, ಒಂದೇ ಭೇಟಿ: ಮೂರರ ತೆರಿಗೆ ಸೇರಿದ ಬೆಲೆ ಕೆಳಗಿದೆ. 28 ದಾಟಿದರೆ ತಪಾಸಣಾ ಶುಲ್ಕ ಬೀಳುತ್ತದೆ."

ಇದರಲ್ಲಿ ಹೆದರಿಸುವ ಒಂದು ಮಾತೂ ಇಲ್ಲ. ಓದಿದವರಿಗೆ ಯಾವ ಪ್ಲಾನು ಬೇಕು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಈಗ ಬರುತ್ತಿರುವ ಮೆಸೇಜಿನಲ್ಲಿ ಈ ಅಂಕಿಗಳು ಇಲ್ಲವೆಂದರೆ ಅದನ್ನು ಕಳಿಸಿದವರಿಗೆ ಕೇಳಬೇಕಾದ ಮೊದಲ ಪ್ರಶ್ನೆಯೂ ಸಿಕ್ಕಿತಲ್ಲ: 'ನಮ್ಮ ಮಷೀನಿನ ಕೊನೆಯ ಅಳತೆ ಎಷ್ಟಿತ್ತು ಸರ್?'