ಸನವಳ್ಳಿ ಕೆರೆಗೆ ಸರಳರೇಖೆ ಎಳೆದರೆ ಏನಾಗ್ತದೆ?

ಮುಂಡಗೋಡ ತಾಲ್ಲೂಕಿನ ಸನವಳ್ಳಿ ಜಲಾಶಯದ ನೀರು ವರ್ಷವಿಡೀ ಹೇಗೆ ಏರಿಳೀತದೆ ಅಂತ ಊಹಿಸೋದು ಕಷ್ಟವೇನಲ್ಲ. ಮಳೆಗಾಲದಲ್ಲಿ ತುಂಬ್ತದೆ, ಆಮೇಲೆ ಮೇ ತನಕ ಇಳೀತಾ ಹೋಗ್ತದೆ. ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳಿಗೊಂದರಂತೆ ನೀರಿನ ಮಟ್ಟ ಅಡಿಗಳಲ್ಲಿ ಹೀಗಿದೆ ಅಂತ ಇಟ್ಟುಕೊಳ್ಳೋಣ: 14, 12, 9, 7, 5, 6, 13, 20, 21, 20, 18, 16. ಇವು ದಾಖಲೆಯ ಅಳತೆಗಳಲ್ಲ, ಪಾಠಕ್ಕಾಗಿ ನಾವೇ ಹಾಕಿಕೊಂಡ ಅಂಕಿಗಳು.

ಇದಕ್ಕೆ ಲೀಸ್ಟ್ ಸ್ಕ್ವೇರ್ಸ್ ವಿಧಾನದಿಂದ ಸರಳರೇಖೆ ಕೂರಿಸಿದರೆ ತಿಂಗಳಿಗೆ ಸುಮಾರು 0.96 ಅಡಿ ಏರಿಕೆ ಅಂತ ಬರ್ತದೆ. ಆ ರೇಖೆಯ ಪ್ರಕಾರ ಮೇ ತಿಂಗಳಲ್ಲಿ ನೀರು 12 ಅಡಿ. ನಮ್ಮ ಪಟ್ಟಿಯಲ್ಲಿರೋದು 5. ರೇಖೆಯನ್ನು ನಂಬಿ ಬೇಸಿಗೆ ಬೆಳೆಗೆ ನೀರಿನ ಲೆಕ್ಕ ಹಾಕಿದವರ ಗದ್ದೆ ಒಣಗೋದು ಖಚಿತ. ಲೆಕ್ಕ ತಪ್ಪಿದ್ದಲ್ಲ, ಆಯ್ದುಕೊಂಡ ಆಕಾರವೇ ತಪ್ಪು. ಇಳಿದು ಏರುವ ನೀರನ್ನು ಒಂದೇ ದಿಕ್ಕಿನ ರೇಖೆ ಹಿಡಿಯಲಾರದು.

ಆಕಾರವನ್ನು ಮೊದಲೇ ಹೇಳದೆ ಅಕ್ಕಪಕ್ಕದ ತಿಂಗಳುಗಳನ್ನೇ ಕೇಳಿದರೆ? 1964ರಲ್ಲಿ ನಡರಾಯ ಮತ್ತು ವಾಟ್ಸನ್ ಬೇರೆಬೇರೆಯಾಗಿ ಹೇಳಿದ್ದು ಇದನ್ನೇ: ನಮಗೆ ಬೇಕಾದ ಜಾಗಕ್ಕೆ ಹತ್ತಿರದ ಬಿಂದುಗಳಿಗೆ ಹೆಚ್ಚು ತೂಕ, ದೂರದವಕ್ಕೆ ಕಡಿಮೆ ತೂಕ ಕೊಟ್ಟು ಸರಾಸರಿ ತೆಗೆಯಿರಿ. ತೂಕ ಎಷ್ಟು ಬೇಗ ಇಳಿಯಬೇಕು ಅನ್ನೋದನ್ನು ನಿರ್ಧರಿಸೋದು ಬ್ಯಾಂಡ್‌ವಿಡ್ತ್, ಅಂದರೆ h. ಗಾಸಿಯನ್ ಕರ್ನಲ್ ಬಳಸಿದರೆ ಎರಡೇ ಸಾಲು ಸಾಕು:

```
w = np.exp(-(x - x0)**2 / (2*h**2))
m = (w*y).sum() / w.sum()
```

ಮೇ ತಿಂಗಳಿಗೆ h = 1 ಇಟ್ಟು ಕೈಲೆಕ್ಕ ಮಾಡೋಣ. ಮೇ ತಿಂಗಳ ತೂಕ 1. ಏಪ್ರಿಲ್, ಜೂನ್‌ಗೆ 0.61. ಮಾರ್ಚ್, ಜುಲೈಗೆ 0.14. ಅದರಾಚೆ ಉಳಿಯೋದು ಅತ್ಯಲ್ಪ. ಉತ್ತರ 6.5 ಅಡಿ. ತಗ್ಗಿನಲ್ಲಿರುವ 5ನ್ನು ಇಬ್ಬದಿಯ ಎತ್ತರದ ಅಂಕಿಗಳು ಮೇಲಕ್ಕೆ ಎಳೆದವು. ಈ ಒಂದೂವರೆ ಅಡಿ ಬಯಾಸ್. h = 3 ಮಾಡಿದರೆ ದೂರದ ಆಗಸ್ಟ್, ಸೆಪ್ಟೆಂಬರ್‌ಗಳೂ ಮಾತಾಡಲು ಬರ್ತಾವೆ, ಉತ್ತರ 11.1. ಹೆಚ್ಚುಕಡಿಮೆ ಸರಳರೇಖೆಯಷ್ಟೇ ಕೆಟ್ಟದ್ದು. h = 0.3 ಮಾಡಿದರೆ 5.0, ಬಯಾಸ್ ಮಾಯ.

ಹಾಗಾದರೆ h ಅನ್ನು ಸಣ್ಣದಾಗಿಸುತ್ತಲೇ ಹೋಗಬಹುದಲ್ಲ? ಅಳತೆಗೋಲು ಓದುವವರು ಮೇ ತಿಂಗಳಲ್ಲಿ 5ರ ಬದಲು 8 ಅಂತ ಬರೆದುಕೊಂಡರು ಅನ್ನಿ. h = 0.3 ಇದ್ದಾಗ ಉತ್ತರವೂ ಸುಮಾರು 3 ಅಡಿ ಜಿಗೀತದೆ, ಆ ತಪ್ಪನ್ನು ಪೂರ್ತಿ ನಂಬಿಬಿಡ್ತದೆ. h = 1 ಇದ್ದಾಗ 1.2 ಅಡಿ, h = 3 ಇದ್ದಾಗ 0.4. ಸರಳರೇಖೆ ಅಲ್ಲಾಡೋದು ಬರೀ 0.3. ಅಳತೆ ಬದಲಾದ ಹಾಗೆ ಉತ್ತರ ಹೀಗೆ ಅಲ್ಲಾಡುವ ಗುಣವೇ ವೇರಿಯನ್ಸ್. ಒಂದನ್ನು ಇಳಿಸಿದರೆ ಇನ್ನೊಂದು ಏರ್ತದೆ. ರೇಖೆ ಬಲು ಗಟ್ಟಿ, ಆದರೆ ತಪ್ಪು ಜಾಗದಲ್ಲಿ ಗಟ್ಟಿ.

h ಆರಿಸಲು ಇದೇ ಬಿಂದುಗಳ ಮೇಲಿನ ದೋಷ ನೋಡಬಾರದು. h ಸೊನ್ನೆಯ ಹತ್ತಿರ ಹೋದಂತೆ ಅದು ತಾನಾಗಿಯೇ ಸೊನ್ನೆ ಆಗ್ತದೆ. ಲ್ಯಾಬಿನಲ್ಲಿ ನಾವೆಲ್ಲ ಒಮ್ಮೆಯಾದರೂ ಈ ಗುಂಡಿಗೆ ಬಿದ್ದಿದ್ದೇವೆ. ಒಂದು ತಿಂಗಳನ್ನು ಬಿಟ್ಟು ಉಳಿದವುಗಳಿಂದ ಅದನ್ನು ಊಹಿಸಿ, ಹೀಗೆ ಹನ್ನೆರಡೂ ತಿಂಗಳಿಗೆ ಮಾಡಿ, ದೋಷಗಳ ವರ್ಗಗಳ ಸರಾಸರಿ ಕನಿಷ್ಠವಾಗುವ h ಹಿಡಿಯಬೇಕು. ಮೇ ಬಿಟ್ಟು ನೋಡಿದರೆ h = 0.3ಕ್ಕೆ 6.5, h = 1ಕ್ಕೆ 7.5, h = 3ಕ್ಕೆ 12.1 ಬರ್ತದೆ. ನಮ್ಮ ಅಂಕಿಗಳಲ್ಲಿ ಗದ್ದಲವೇ ಇಲ್ಲದ್ದರಿಂದ ಇಲ್ಲಿ ಸಣ್ಣ h ಗೆಲ್ತದೆ. ಅಲೆಯಿಂದ, ಕಣ್ತಪ್ಪಿನಿಂದ ಹೊಯ್ದಾಡುವ ದಿನದಿನದ ಅಳತೆ ಕೊಟ್ಟರೆ ಅದೇ ಪರೀಕ್ಷೆ ನೆರೆಯ ಹಲವು ದಿನಗಳನ್ನು ಸೇರಿಸಿಕೊಳ್ಳುವ ಅಗಲದ h ಕಡೆಗೆ ವಾಲ್ತದೆ.

ಅಂಚಿನಲ್ಲಿ ಇನ್ನೊಂದು ತೊಂದರೆ ಇದೆ. h = 1 ಇಟ್ಟು ಜನವರಿ ಕೇಳಿದರೆ 12.9 ಬರ್ತದೆ, ಇರೋದು 14. ಎಡಗಡೆ ನೆರೆಯವರೇ ಇಲ್ಲ, ಬಲಗಡೆ ಇಳಿಯುವ ತಿಂಗಳುಗಳು ಮಾತ್ರ. ಪ್ರತಿ ವರ್ಷವೂ ಇದೇ ಸುತ್ತು ಅಂತ ಹಿಡಿದು ಡಿಸೆಂಬರನ್ನು ಜನವರಿಯ ಪಕ್ಕಕ್ಕೆ ತಂದು ಕೂರಿಸಿದರೆ 13.9.

ಹಾಗಂತ ರೇಖೆಯನ್ನು ಪೂರ್ತಿ ಬಿಟ್ಟುಬಿಡಬೇಡಿ. ಜನವರಿಯಿಂದ ಮೇವರೆಗಿನ ಐದೇ ಬಿಂದುಗಳಿಗೆ ರೇಖೆ ಎಳೆದು ನೋಡಿ: ತಿಂಗಳಿಗೆ 2.3 ಅಡಿ ಇಳಿಕೆ, ಮೇ ತಿಂಗಳಿಗೆ 4.8. ಕರ್ನಲ್‌ನ 6.5ಕ್ಕಿಂತ ಇದೇ ಹತ್ತಿರ. ಪ್ರತಿ ಬಿಂದುವಿನ ಸುತ್ತ ಸರಾಸರಿಯ ಬದಲು ಇಂಥದೊಂದು ಪುಟ್ಟ ರೇಖೆಯನ್ನು ಅದೇ ಕರ್ನಲ್ ತೂಕಗಳಿಂದ ಕೂರಿಸೋದು ಲೋಕಲ್ ಲೀನಿಯರ್ ರಿಗ್ರೆಶನ್. ಜನವರಿಯಂಥ ಅಂಚಿನಲ್ಲಿ ಬರುವ ಎಳೆತ ಅದರಲ್ಲಿ ಬಹುಪಾಲು ತಪ್ತದೆ. ಮೇ ಕೊನೆಯಲ್ಲಿ ಮಳೆ ಬಂದು ದಿಕ್ಕು ಬದಲಾಗುವ ತಿರುವಿನಲ್ಲಿ ಮಾತ್ರ ಅಲ್ಲೂ h ಸಣ್ಣದೇ ಬೇಕು.